ಬಯೋಸ್ ಅಪ್‌ಡೇಟ್: ನನ್ನ ಪಿಸಿಗೆ ಬೇಕಿತ್ತು, ತಮ್ಮನದಕ್ಕೆ ಬೇಕಿರಲಿಲ್ಲ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಪಿಸಿ, ಮಂಡ್ಯದಲ್ಲಿ ಚಿಕ್ಕಪ್ಪನ ಮಗನದು. ಎರಡರಲ್ಲೂ ರೈಜನ್ 5 3600, ಎರಡೂ ಬಿ450 ಬೋರ್ಡು, ಎರಡರ ಬಯೋಸೂ 2021ರದ್ದು. ಬೋರ್ಡಿನ ಮಾಡೆಲ್ ಮಾತ್ರ ಬೇರೆ. ಇನ್ನೊಂದು ವ್ಯತ್ಯಾಸ ಅಂದರೆ ನನ್ನದು ವಿಂಡೋಸ್ 11, ಅವನದು 10. ಕಾಟ ಕೊಟ್ಟಿದ್ದು ನನ್ನದು ಮಾತ್ರ.

ಆಟ ಚೆನ್ನಾಗೇ ಓಡುತ್ತಿರುತ್ತೆ. ಇದ್ದಕ್ಕಿದ್ದಂತೆ ಒಂದೆರಡು ಸೆಕೆಂಡ್ ಎಲ್ಲಾ ಸಿಕ್ಕಿಹಾಕಿಕೊಳ್ಳುತ್ತೆ. ಸ್ಪೀಕರ್‌ನಿಂದ ಗರಗರ ಅಂತ ಸದ್ದು, ಮೌಸ್ ಕೂಡ ಅಲ್ಲಾಡಲ್ಲ. ಆಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತೆ. ದಿನಕ್ಕೆ ಎರಡು ಮೂರು ಸಲ, ಅಷ್ಟೇ. ಮೊದಲು ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಟ್ಟು ಎರಡು ಸಲ ತೆಗೆದು ಮತ್ತೆ ಹಾಕಿದೆ. ಪ್ರಯೋಜನ ಆಗಲಿಲ್ಲ. ಒಂದು ರಾತ್ರಿ ಸುಮ್ನೆ ಹಾಡು ಕೇಳುತ್ತಿದ್ದಾಗಲೂ ಅದೇ ಗರಗರ ಬಂತು. ಆಗ ಗೊತ್ತಾಯಿತು, ಇದು ಆಟದ ಸಮಸ್ಯೆ ಅಲ್ಲ. ಆಟದ ತಡವರಿಕೆಯಾದರೆ ಹೊಸ ಜಾಗಕ್ಕೆ ಹೋದಾಗ ಬರುತ್ತೆ, ಚಿತ್ರ ನಿಂತರೂ ಹಾಡು ಸಾಮಾನ್ಯವಾಗಿ ಓಡುತ್ತಿರುತ್ತೆ. ಇಲ್ಲಿ ಸದ್ದು, ಮೌಸ್, ಚಿತ್ರ ಮೂರೂ ಒಟ್ಟಿಗೆ ನಿಲ್ಲುತ್ತಿದ್ದವು.

ಕಾರಣವನ್ನು ರೈಜನ್ ತಯಾರಿಸುವ ಎಎಂಡಿಯೇ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತ್ತು. ಎನ್‌ಕ್ರಿಪ್ಷನ್ ಕೀಗಳನ್ನು ಕಾಯುವ ಟಿಪಿಎಂ ಅನ್ನುವ ಭದ್ರತಾ ವ್ಯವಸ್ಥೆ ಪ್ರೊಸೆಸರ್ ಒಳಗೇ ಇರುತ್ತೆ, ಅದೇ ಎಫ್‌ಟಿಪಿಎಂ. ಅದು ತನ್ನ ಲೆಕ್ಕಪತ್ರವನ್ನು ಬೋರ್ಡಿನ ಬಯೋಸ್ ಚಿಪ್‌ನಲ್ಲಿ ಇಡುತ್ತೆ. ಆ ಚಿಪ್ ನಿಧಾನದ್ದು. ಕೆಲವು ಸಲ ಅದರ ಜೊತೆಗಿನ ಓದು ಬರಹ ಎಳೆದಾಡಿದಾಗ ಇಡೀ ಸಿಸ್ಟಂ ಕಾಯುತ್ತಾ ಕೂರುತ್ತೆ. ವಿಂಡೋಸ್ 11 ಹಾಕೋಕೆ ಅಂತ ಎಫ್‌ಟಿಪಿಎಂ ಆನ್ ಮಾಡಿದ್ದು ನಾನೇ. ತಮ್ಮನದರಲ್ಲಿ ಅದು ಆಫ್ ಆಗೇ ಇತ್ತು. ಹಾಗಾಗಿ ಅದೇ ಕಾಲದ ಬಯೋಸ್ ಇದ್ದರೂ ಅವನಿಗೆ ಕಾಟ ಇರಲಿಲ್ಲ.

ನನ್ನ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು ಎಫ್‌ಟಿಪಿಎಂ ಆಫ್ ಮಾಡುವುದು. ಎರಡು ನಿಮಿಷದ ಕೆಲಸ, ಬೋರ್ಡ್ ಸಾಯುವ ಭಯ ಇಲ್ಲ. ಮಾಡಿದೆ, ಒಂದು ವಾರ ಒಂದು ಗರಗರವೂ ಇಲ್ಲ. ಆದರೆ ವ್ಯಾಲೊರಂಟ್ ತೆರೆದರೆ `VAN9001` ಅಂತ ಬಂತು. ವಿಂಡೋಸ್ 11ರಲ್ಲಿ ಆ ಆಟಕ್ಕೆ ಟಿಪಿಎಂ ಬೇಕೇ ಬೇಕು. ಅದನ್ನು ಆಡದವರಿಗೆ ಈ ದಾರಿ ಸಾಕಾಗಬಹುದು. ನನಗೆ ಸಾಕಾಗಲಿಲ್ಲ. ಆದರೂ ತಪ್ಪು ಎಲ್ಲಿದೆ ಅಂತ ಖಾತ್ರಿ ಮಾಡಿಕೊಟ್ಟಿದ್ದು ಇದೇ.

ಎರಡನೆಯದು ಬೋರ್ಡಿಗೆ ಬೇರೆ ಟಿಪಿಎಂ ಚಿಪ್ ಸಿಕ್ಕಿಸುವುದು. ಪಿನ್ ಜೋಡಣೆ ಬೋರ್ಡಿನಿಂದ ಬೋರ್ಡಿಗೆ ಬೇರೆ, ನನ್ನದಕ್ಕೆ ಹೊಂದುವುದು ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಬಿಟ್ಟೆ.

ಮೂರನೆಯದು ಬಯೋಸ್ ಅಪ್‌ಡೇಟ್. ಎಎಂಡಿ ಹೇಳಿದ ಪರಿಹಾರ ಇದ್ದದ್ದು AGESA 1.2.0.7ರಲ್ಲಿ, ಅಂದರೆ ಬಯೋಸ್ ಒಳಗೆ ಸೇರಿಸೋಕೆ ಎಎಂಡಿ ಬೋರ್ಡ್ ಕಂಪನಿಗಳಿಗೆ ಕೊಡುವ ಕೋಡ್‌ನ ಆ ಆವೃತ್ತಿಯಲ್ಲಿ. ನನ್ನ ಬೋರ್ಡಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಬೀಟಾ. ಅದರ ಕೆಳಗಿನದು ಬೀಟಾ ಅಲ್ಲ, 1.2.0.7ಕ್ಕಿಂತ ಹೊಸದು. ಅದನ್ನೇ ಇಳಿಸಿಕೊಂಡೆ. ನನಗೆ ಬೇಕಿದ್ದ ಪರಿಹಾರ ಅದರಲ್ಲಿ ಇದ್ದ ಮೇಲೆ ಬೀಟಾ ಯಾಕೆ? ನಿಮ್ಮ ಕಾಟದ ಹೆಸರು, ಇಲ್ಲವೇ ಅದನ್ನು ಸರಿಮಾಡಿದ ಆವೃತ್ತಿ, ವಿವರಣೆಯಲ್ಲಿ ಸಿಕ್ಕರೆ ಅಪ್‌ಡೇಟ್‌ಗೆ ಅರ್ಥ ಇದೆ. ‘ಸಿಸ್ಟಂ ಸ್ಥಿರತೆ ಸುಧಾರಿಸಿದೆ’ ಅಂತ ಮಾತ್ರ ಬರೆದಿದ್ದರೆ ನಿಮ್ಮ ಕಾಟ ಹೋಗುತ್ತೋ ಇಲ್ವೋ ಗೊತ್ತಾಗಲ್ಲ. ಹಳೆ ಆವೃತ್ತಿಗೆ ವಾಪಸ್ ಹೋಗಲಾಗದು ಅಂತ ಬರೆದಿದೆಯಾ ಅನ್ನುವುದನ್ನೂ ಅಲ್ಲೇ ನೋಡಿ.

ನನ್ನ ಬೋರ್ಡಿನಲ್ಲಿ, ಕೆಟ್ಟ ಬಯೋಸನ್ನು ಮತ್ತೆ ಬರೆಯುವ ಫ್ಲ್ಯಾಶ್‌ಬ್ಯಾಕ್ ಬಟನ್ ಇಲ್ಲ. ಅಂದರೆ ಮಧ್ಯದಲ್ಲಿ ಕರೆಂಟ್ ಹೋಗಿ ಬಯೋಸ್ ಕೆಟ್ಟರೆ, ಚಿಪ್‌ಗೆ ಹೊರಗಿನಿಂದ ಪ್ರೋಗ್ರಾಮರ್ ಕ್ಲಿಪ್ ಹಾಕಿ ಬರೆಯುವ ರಿಪೇರಿಯವರನ್ನು ಹುಡುಕಬೇಕು. ಮೇ ತಿಂಗಳು, ಸಂಜೆಯಾದರೆ ಗುಡುಗು ಮಳೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಕೂತೆ. ಯುಪಿಎಸ್ ಬ್ಯಾಟರಿ ಹಳೆಯದು, ನಂಬಿಕೆ ಇರಲಿಲ್ಲ. ಪಿಸಿಯನ್ನು ಬಯೋಸ್ ಪರದೆಯಲ್ಲಿ ನಿಲ್ಲಿಸಿ ಗೋಡೆಯ ಸ್ವಿಚ್ ಆಫ್ ಮಾಡಿದೆ. ಯುಪಿಎಸ್ ಕೀಂ ಕೀಂ ಅಂದಿತು, ಪರದೆ ಹಾಗೇ ಇತ್ತು. ಗಡಿಯಾರ ಹಿಡಿದು ಹತ್ತು ನಿಮಿಷ ಕಾದೆ. ಬರೆಯೋಕೆ ಬೇಕಾಗುವುದು ಮೂರು ನಾಲ್ಕು ನಿಮಿಷ, ಸಾಕು ಅನ್ನಿಸಿತು. ಮತ್ತೆ ಸ್ವಿಚ್ ಹಾಕಿದೆ.

ಫೈಲನ್ನು FAT32 ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನ ಟೂಲ್‌ನಿಂದಲೇ ಬರೆದೆ. ವಿಂಡೋಸ್ ಮೇಲೆ ಓಡುವ ಟೂಲ್ ನಾನು ಮುಟ್ಟಲ್ಲ. ಬರೆಯುವ ಹೊತ್ತಿಗೆ ವಿಂಡೋಸೇ ಹ್ಯಾಂಗ್ ಆದರೆ ಏನು ಮಾಡೋದು? ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ ಅಂತ ಮೊದಲೇ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಡಿಕೊಂಡಿದ್ದೆ.

```
manage-bde -status C:
```

ನನ್ನದು ಆಗಿರಲಿಲ್ಲ. ಆಗಿದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿಯೇ ಮುಂದುವರಿಯಬೇಕು. ಯಾಕಂದರೆ ಅಪ್‌ಡೇಟ್ ಆದ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡಲಾ ಅಂತ ಬೋರ್ಡ್ ಕೇಳಿತು. Y ಒತ್ತಿದೆ. ವಿಂಡೋಸ್ ಪಿನ್ ಹೊಸದಾಗಿ ಹಾಕಬೇಕಾಯಿತು, ಅಷ್ಟೇ. ಎನ್‌ಕ್ರಿಪ್ಟ್ ಆಗಿದ್ದು ಕೀ ಇಲ್ಲದಿದ್ದರೆ ಒಳಗಿನ ಫೈಲ್‌ಗಳ ಆಸೆ ಬಿಡಬೇಕಿತ್ತು.

ಆಮೇಲೆ ಆಟ ತೆರೆದರೆ ಎಫ್‌ಪಿಎಸ್ ಮೊದಲಿಗಿಂತ ಕಡಿಮೆ! ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ವೇಗ ನೋಡಿದೆ, 2133. ನನ್ನ ರ‍್ಯಾಮ್ 3200ರದ್ದು. ಅಪ್‌ಡೇಟ್ ಸಾಮಾನ್ಯವಾಗಿ ಎಲ್ಲಾ ಸೆಟ್ಟಿಂಗ್ ಅಳಿಸಿ ಹಾಕುತ್ತೆ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಕೂಡ. ಹೊಸ ಬಯೋಸ್ ಹಾಕಿದ ಮೇಲೆ ಆಟ ನಿಧಾನ ಆಯ್ತು ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಹಳೆ ಸೆಟ್ಟಿಂಗ್ ಪರದೆಗಳನ್ನು ಮೊಬೈಲ್‌ನಲ್ಲಿ ಫೋಟೋ ಹಿಡಿದಿದ್ದೆ, ಐದು ನಿಮಿಷದಲ್ಲಿ ಎಲ್ಲಾ ವಾಪಸ್ ಬಂತು. ಸರಾಸರಿ ಎಫ್‌ಪಿಎಸ್ ಹಳೆಯಷ್ಟೇ, ಒಂದೆರಡು ಆಚೀಚೆ. ಗರಗರ ಮಾತ್ರ ಅಂದಿನಿಂದ ಬಂದಿಲ್ಲ.

ಇದನ್ನು ಕೇಳಿ ತಮ್ಮ ಫೋನ್ ಮಾಡಿದ. “ಅಣ್ಣ, ನಂದ್ಕೂ ಮಾಡ್ಕೊಡಣ್ಣ, ಎಫ್‌ಪಿಎಸ್ ಜಾಸ್ತಿ ಆಯ್ತದಂತೆ.” ಆಗಲ್ಲ ಕಣೋ ಅಂದರೂ ಕೇಳಲಿಲ್ಲ. ಅವನ ಬೋರ್ಡಿನಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು, ಹಾಗಾಗಿ ಒಪ್ಪಿದೆ. ಬಯೋಸ್ ಪೂರ್ತಿ ಕೆಟ್ಟರೂ ಆ ಬಟನ್‌ನಿಂದ ಮತ್ತೆ ಬರೆಯಬಹುದು. ಅದೇ ಆಟ, ಅದೇ ಜಾಗ, ಮೂರು ಮೂರು ಸಲ ಓಡಿಸಿದೆವು. ಹಿಂದೆ ಮುಂದೆ ಏನೂ ವ್ಯತ್ಯಾಸ ಇಲ್ಲ. ನನ್ನದರಲ್ಲಿ ಅಪಾಯ ಜಾಸ್ತಿ ಇತ್ತು, ಆದರೆ ತೀರಬೇಕಾದ ಕಾಟವೂ ಇತ್ತು. ಅವನದರಲ್ಲಿ ಅಪಾಯ ತೀರಾ ಕಡಿಮೆ, ಲಾಭವೂ ಇಲ್ಲ.

ಕಾಟ ಇಲ್ಲದಿದ್ದರೆ ಮುಟ್ಟಬೇಡಿ ಅನ್ನುವ ನನ್ನ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅತಿಯಾದ ವೋಲ್ಟೇಜ್ ಚಿಪ್ಪನ್ನೇ ನಿಧಾನವಾಗಿ ಹಾಳು ಮಾಡುತ್ತಿತ್ತು. ಅದಕ್ಕೆ 2024ರ ಆಗಸ್ಟ್‌ನಲ್ಲಿ `0x129`, ಸೆಪ್ಟೆಂಬರ್‌ನಲ್ಲಿ `0x12B` ಮೈಕ್ರೋಕೋಡ್, ಅಂದರೆ ಪ್ರೊಸೆಸರ್ ಒಳಗಿನ ಸೂಚನೆಗಳು, ಬಯೋಸ್ ಅಪ್‌ಡೇಟ್ ಮೂಲಕ ಬಂತು. ಅಲ್ಲಿ ಕಾಟ ಶುರುವಾಗುವ ಮುಂಚೆಯೇ ಹಾಕಬೇಕು. ಹಾಳಾದ ಚಿಪ್ಪನ್ನು ಯಾವ ಬಯೋಸೂ ಸರಿ ಮಾಡಲ್ಲ, ವಾರಂಟಿಯೇ ಗತಿ.

ತಮ್ಮನ ಅಪ್‌ಡೇಟ್‌ಗೆ ಕೆಲಸ ಬಂದದ್ದು ಆರು ತಿಂಗಳ ಮೇಲೆ. ಯಾರದೋ ಹತ್ತಿರ ಹಳೆ ರೈಜನ್ 5 5600 ತಗೊಂಡ. ಆ ಪ್ರೊಸೆಸರ್ ಬಂದದ್ದೇ 2022ರ ಏಪ್ರಿಲ್‌ನಲ್ಲಿ, 2021ರ ಬಯೋಸ್ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹೊಸದು ಮೊದಲೇ ಇದ್ದ ಕಾರಣ 3600 ತೆಗೆದು 5600 ಕೂರಿಸಿದ, ಪರದೆ ಬಂತು. ಎಫ್‌ಪಿಎಸ್ ಏರಿತು, ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದ ಮೇಲೆ.