ಎರಡು ಫೋಟೋ ಅಂಟಿಸಿದ ಮೇಲೆ ಲೆನ್ಸ್ ಕರೆಕ್ಷನ್ ಮಾಡಿ 12 ಅಡಿ ಫ್ಲೆಕ್ಸ್ ಕಳೆದುಕೊಂಡೆ

ಒಂದು ಸೀರೆ ಅಂಗಡಿಯ ಒಳಗಿನ ಫೋಟೋ ಹಾಕಿ 12 ಅಡಿ ಅಗಲದ ಫ್ಲೆಕ್ಸ್ ಮಾಡಿಕೊಟ್ಟಿದ್ದೆ. ಕಟ್ಟಿದ ತಕ್ಷಣ ಮಾಲೀಕರು ಕೇಳಿದರು, "ಏನ್ರೀ, ಬಲಗಡೆ ಬೀಮ್ ಮೂಲೆಯಲ್ಲಿ ಮೇಲಕ್ಕೆ ಎದ್ದಿದೆಯಲ್ಲ?" ನಿಜ, ಎದ್ದಿತ್ತು. ಮರು ಪ್ರಿಂಟ್ ನನ್ನ ಖರ್ಚಿನಲ್ಲೇ ಆಯಿತು.

ಆಗಿದ್ದು ಇಷ್ಟು. ಎಡಭಾಗ ನನ್ನ ಕ್ಯಾಮೆರಾದ 18-55 ಲೆನ್ಸ್‌ನಲ್ಲಿ, 18 ಎಂಎಂಗೆ ಇಟ್ಟು ತೆಗೆದದ್ದು. ಬಲಭಾಗದ ಹೊಸ ಶೆಲ್ಫ್‌ಗಳನ್ನು ಮಾಲೀಕರೇ ಮೊಬೈಲ್‌ನಲ್ಲಿ ತೆಗೆದಿದ್ದರು. ಎರಡನ್ನೂ ಫೋಟೋಶಾಪ್‌ನಲ್ಲಿ ಕ್ರಾಪ್ ಮಾಡಿ, ನೆಲದ ಟೈಲ್ಸ್ ಗೆರೆ ನೋಡಿಕೊಂಡು ಜೋಡಿಸಿದೆ. 18 ಎಂಎಂನಲ್ಲಿ ಈ ಲೆನ್ಸ್ ನೇರ ಗೆರೆಯನ್ನು ಬಾಗಿಸುತ್ತದೆ, ಹಾಗಾಗಿ ಎಡಗಡೆ ಬೀಮ್ ನಡುವೆ ಮೇಲಕ್ಕೆ ಉಬ್ಬಿತ್ತು. ಸರಿ, ಒಟ್ಟಿಗೇ ಸರಿ ಮಾಡೋಣ ಅಂತ ಎರಡು ಲೇಯರ್ ಸೇರಿಸಿ Filter > Lens Correction ಹಾಕಿ Remove Distortion ಎಳೆದೆ.

ಅಲ್ಲೇ ಕೆಟ್ಟಿದ್ದು. ಈ ಫಿಲ್ಟರ್ ಫೈಲಿನ ನಟ್ಟನಡುವನ್ನೇ ಲೆನ್ಸ್‌ನ ನಡು ಅಂದುಕೊಳ್ಳುತ್ತದೆ. ನನ್ನ ಫೈಲಿನಲ್ಲಿ ನಡು ಇದ್ದದ್ದು ಎರಡು ಫೋಟೋ ಕೂಡುವ ಜಾಗದಲ್ಲಿ. ಹಾಗಾಗಿ ಎಡಗಡೆಯ ಹೊರತುದಿ ನೆಟ್ಟಗಾಯಿತು, ಜೋಡಣೆಯ ಹತ್ತಿರ ಬಾಗು ಉಳಿದೇಬಿಟ್ಟಿತು. ಬಲಗಡೆಯದಂತೂ ಮೊಬೈಲ್ ಸೇವ್ ಮಾಡುವಾಗಲೇ ತಾನಾಗಿ ನೆಟ್ಟಗೆ ಮಾಡಿದ್ದ ಚಿತ್ರ. ಅದಕ್ಕೆ ಮತ್ತೊಮ್ಮೆ ಔಷಧಿ ಕುಡಿಸಿದ ಹಾಗಾಯಿತು. ಗೆರೆ ಉಲ್ಟಾ ಬಾಗಿತು. ಆ ಫೈಲ್ 9000 ಪಿಕ್ಸೆಲ್ ಅಗಲ, ಬಾಗು ಸುಮಾರು 40 ಪಿಕ್ಸೆಲ್. ಮಾನಿಟರ್‌ನಲ್ಲಿ ಪೂರ್ತಿ ಚಿತ್ರ ಇಟ್ಟು ನೋಡಿದರೆ ಗೊತ್ತೇ ಆಗಲ್ಲ. 12 ಅಡಿಗೆ ಹಿಗ್ಗಿದಾಗ ಅರ್ಧ ಇಂಚಿಗಿಂತ ಜಾಸ್ತಿ.

ಎರಡನೇ ಸಲ ಕ್ರಾಪ್ ಮಾಡದ ಒರಿಜಿನಲ್‌ಗಳಿಂದ ಶುರು ಮಾಡಿದೆ. ನನ್ನ ರಾ ಫೈಲನ್ನು ಕ್ಯಾಮೆರಾ ರಾದಲ್ಲಿ ತೆರೆದು, ಆ ಲೆನ್ಸ್‌ನ ಬಾಗನ್ನು ತಾನಾಗಿ ತೆಗೆಯುವ Enable Profile Corrections ಟಿಕ್ ಮಾಡಿದೆ. ಆಮೇಲೆ ಪ್ರತಿ ಫೋಟೋದಲ್ಲೂ ಅಂಚಿನ ಹತ್ತಿರದ ಒಂದು ಉದ್ದ ಗೆರೆಯ ಎರಡೂ ತುದಿಗೆ ತಾಗುವಂತೆ ಲೈನ್ ಟೂಲ್‌ನಲ್ಲಿ ತೆಳುವಾದ ನೇರ ಗೆರೆ ಎಳೆದು, 100% ಜೂಮ್‌ನಲ್ಲಿ ನಡುವೆ ಸಂದಿ ಇದೆಯಾ ನೋಡಿದೆ. ಮೊಬೈಲ್ ಫೋಟೋದಲ್ಲಿ ಸಂದಿಯೇ ಇರಲಿಲ್ಲ, ಮುಟ್ಟಲೇ ಇಲ್ಲ. ಎರಡೂ ನೆಟ್ಟಗಿವೆ ಅಂತ ಖಾತ್ರಿಯಾದ ಮೇಲಷ್ಟೇ ಕ್ರಾಪ್, ಜೋಡಣೆ.

ಆದರೂ ಬೀಮ್‌ಗಳು ಒಂದೇ ಓರೆಯಲ್ಲಿ ಇರಲಿಲ್ಲ. ಗೆರೆ ನೆಟ್ಟಗಿದ್ದು ಓರೆ ಬೇರೆಯಾದರೆ ಅದು ಲೆನ್ಸ್ ದೋಷ ಅಲ್ಲ, ಇಬ್ಬರೂ ನಿಂತ ಜಾಗ ಅಥವಾ ಕ್ಯಾಮೆರಾ ಹಿಡಿದ ಕೋನ ಬೇರೆ ಅಷ್ಟೇ. ಅದಕ್ಕೆ ಗೆರೆ ಬಾಗಿಸದೆ ಓರೆ ಮಾತ್ರ ಬದಲಿಸುವ Perspective Warp ಸಾಕು. ವಾರ್ಪ್ ಟೂಲ್ ಹಿಡಿದು ಕೈಯಲ್ಲಿ ಎಳೆಯಬೇಡಿ; ಬೀಮ್ ಕೂರಿಸಿದರೆ ಶೆಲ್ಫ್ ಬಾಗುತ್ತದೆ, ನಾನು ಅದಕ್ಕೂ ಒಂದು ರಾತ್ರಿ ಸುಮ್ನೆ ಕಳೆದಿದ್ದೇನೆ. ಹತ್ತಿರದ ಕೌಂಟರ್ ಮಾತ್ರ ಯಾವುದಕ್ಕೂ ಹೊಂದಲಿಲ್ಲ. ನಿಂತ ಜಾಗ ಬೇರೆಯಾದರೆ ಹತ್ತಿರದ ವಸ್ತು ಗೋಡೆಗಿಂತ ಜಾಸ್ತಿ ಸರಿದು ಕಾಣುತ್ತದೆ, ಅಲ್ವಾ? ಕೊನೆಗೆ ಅದರ ಮೇಲೆ ಆಫರ್‌ನ ಬೋರ್ಡ್ ಹಾಕಿ ಮುಚ್ಚಿದೆ.