ಮದುವೆಯ ಕರೆಪಟ್ಟಿ: ಕೈಯಿಂದ ತುಂಬಿದ್ದು ಮತ್ತು ಸೂತ್ರದಿಂದ ತುಂಬಿದ್ದು

ತಂಗಿಯ ಮದುವೆಗೆ ಹಾಸನದಲ್ಲಿ ಛತ್ರ ಗೊತ್ತಾದ ಮೇಲೆ, ತಂದೆಯವರು ಫೋನಿನಲ್ಲಿ 64 ಸಾಲುಗಳ ಕರೆಪಟ್ಟಿ ಟೈಪ್ ಮಾಡಿ ಕಳುಹಿಸಿದರು. ಅದರಲ್ಲಿನ ಮೂರು ಸಾಲುಗಳು ಹೀಗಿದ್ದವು:

```
ಬೇಲೂರು ಸೋದರಮಾವ 6 ಜನ
2ನೇ ಕ್ರಾಸ್ ಚಿಕ್ಕಪ್ಪ 5 ಜನ
ಆಲೂರು ದೊಡ್ಡಪ್ಪ ದಂಪತಿ, ಮಗ, ಸೊಸೆ
```

ಇದನ್ನು ಮನೆತನ, ತಲೆ ಲೆಕ್ಕ, ಪಂಕ್ತಿಯ ಗುಂಪು ಎಂಬ ಮೂರು ಕಾಲಂಗಳಿಗೆ ಇಳಿಸುವ ಕೆಲಸವನ್ನು ನಾನು ಎರಡು ರೀತಿಯಲ್ಲಿ ಮಾಡಿ ನೋಡಿದೆ.

ಮೊದಲು ಒಂದೊಂದೇ ಸಾಲನ್ನು ಓದಿ ಕೈಯಿಂದ ತುಂಬಿದೆ. ಸುಮಾರು 50 ನಿಮಿಷ ಹಿಡಿಯಿತು. ದೊಡ್ಡಪ್ಪನ ಮನೆಯವರು ನಾಲ್ವರೆಂಬುದು ಓದಿದೊಡನೆ ತಿಳಿಯುವುದರಿಂದ ಈ ಕ್ರಮದಲ್ಲಿ ಅರ್ಥ ಕೆಡಲಿಲ್ಲ; ಆದರೆ ಕೊನೆಗೆ ಎಣಿಸಿದಾಗ 63 ಸಾಲುಗಳಷ್ಟೇ ಇದ್ದವು, ಬಿಟ್ಟುಹೋದದ್ದು ಯಾವುದೆಂದು ಹುಡುಕಲು ಮತ್ತೆ ಮೊದಲಿನಿಂದ ಓದಬೇಕಾಯಿತು.

ಎರಡನೆಯ ಬಾರಿ ಇಡೀ ಪಟ್ಟಿಯನ್ನು ಗೂಗಲ್ ಶೀಟ್ಸ್‌ನ A ಕಾಲಂಗೆ ಅಂಟಿಸಿ ಪಕ್ಕದಲ್ಲಿ ಸೂತ್ರ ಬರೆದೆ.

```
=REGEXEXTRACT(A2,"[0-9]+")
```

ಸೋದರಮಾವನ ಸಾಲಿಗೆ 6 ಬಂತು. ಚಿಕ್ಕಪ್ಪನ ಸಾಲಿಗೆ ಬಂದದ್ದು 2, ಏಕೆಂದರೆ ಸೂತ್ರವು ಮೊದಲು ಸಿಕ್ಕ ಅಂಕಿಯಾದ ಕ್ರಾಸಿನ ಸಂಖ್ಯೆಯನ್ನೇ ಎತ್ತಿಕೊಂಡಿತ್ತು. ಯಾವ ಎಚ್ಚರಿಕೆಯೂ ಕಾಣಿಸದ ಇಂಥ ತಪ್ಪಿನಿಂದಲೇ ಊಟದ ಎಲೆ ಕಡಿಮೆ ಬೀಳುವುದು. ಸಾಲದ್ದಕ್ಕೆ, ಹೀಗೆ ಬಂದ ಅಂಕಿ ಶೀಟ್ಸ್‌ಗೆ ಸಂಖ್ಯೆಯಲ್ಲ, ಬರೀ ಅಕ್ಷರ. ಆದ್ದರಿಂದ ಈ ಎರಡು ಸಾಲುಗಳನ್ನು ಕೂಡಿಸಿದಾಗ `SUM` ಮೊತ್ತವನ್ನು 0 ಎಂದು ತೋರಿಸಿತು. ಎರಡನ್ನೂ ಸರಿಪಡಿಸಿದ ಸೂತ್ರ ಇದು:

```
=VALUE(REGEXEXTRACT(A2,"([0-9]+) *ಜನ"))
```

ಈಗ "ಜನ" ಎಂಬ ಪದದ ಹಿಂದಿನ ಅಂಕಿ ಮಾತ್ರ ಬರುತ್ತದೆ, ಅದು ಇಲ್ಲದ ಕಡೆ `#N/A` ಬರುತ್ತದೆ. ದೊಡ್ಡಪ್ಪನ ಸಾಲಿನಲ್ಲಿಯೂ, ತಂದೆಯವರು "೪ ಜನ" ಎಂದು ಕನ್ನಡ ಅಂಕಿಯಲ್ಲಿ ಬರೆದ ಸಾಲುಗಳಲ್ಲಿಯೂ ಅದೇ ಬಂತು. ಒಟ್ಟು 23 ಸಾಲುಗಳು ಹೀಗೆ ಉಳಿದವು. ಅವನ್ನಷ್ಟೇ ಕೈಯಿಂದ ತುಂಬಿದೆ. ಎಲ್ಲ ಸೇರಿ 35 ನಿಮಿಷ. ಉಳಿತಾಯವೇನೂ ದೊಡ್ಡದಲ್ಲ, ಆದರೆ ಯಾವ ಸಾಲೂ ಬಿಟ್ಟುಹೋಗುವಂತಿರಲಿಲ್ಲ, ಅನುಮಾನದ ಸಾಲುಗಳು ತಾವಾಗಿಯೇ ಎದ್ದು ಕಂಡವು. ಹಾಗಾಗಿ ತಲೆ ಲೆಕ್ಕಕ್ಕೆ ನನ್ನ ಆಯ್ಕೆ ಸೂತ್ರವೇ. ಪಟ್ಟಿ ಇಪ್ಪತ್ತು ಸಾಲಿನೊಳಗಿದ್ದರೆ ಮಾತ್ರ ಅದರ ಗೋಜು ಬೇಡ.

ಮನೆತನದ ಹೆಸರನ್ನು ಉಳಿದ ಪಠ್ಯದಿಂದ ಸುಲಭವಾಗಿ ಬೇರ್ಪಡಿಸಬಹುದು. ಪಂಕ್ತಿಯ ಗುಂಪಿಗೆ ಮಾತ್ರ ಸೂತ್ರ ನಿಷ್ಪ್ರಯೋಜಕ: ಯಾರ ಪಕ್ಕ ಯಾರನ್ನು ಕೂರಿಸಬಾರದೆಂಬುದು ಅಮ್ಮನಿಗಷ್ಟೇ ಗೊತ್ತಿತ್ತು. ಅವರು ಹೇಳುತ್ತಾ ಹೋದಂತೆ ನಾನು ಡ್ರಾಪ್‌ಡೌನ್‌ನಿಂದ ಆರಿಸಿದೆ, ಏಕೆಂದರೆ ಟೈಪ್ ಮಾಡಿದ್ದರೆ "ಗಂಡಿನ ಕಡೆ" ಮತ್ತು "ಗಂಡಿನಕಡೆ" ಎರಡು ಗುಂಪುಗಳಾಗಿ `SUMIF` ಲೆಕ್ಕ ಒಡೆದುಹೋಗುತ್ತಿತ್ತು.