ಮೂರು ವರ್ಷ ಬಳಸಿದ ಡೆಸಿಬಲ್ ಮೀಟರ್, ಮತ್ತು ಕಿವಿಗೆ ಹಾಕುವ ಪ್ಲಗ್

ಉಡುಪಿಯಲ್ಲಿ ನಮ್ಮದು ನಾಲ್ಕು ಜನರ ಸೌಂಡ್ಸ್ ತಂಡ. ಮೆಹಂದಿ, ಕ್ರೈಸ್ತರ ಮದುವೆಗೆ ಮುಂಚಿನ ರೋಸ್, ನಾಟಕ, ಅಷ್ಟಮಿಗೆ ಹುಲಿವೇಷದ ಸ್ಟೇಜು, ಹೀಗೆ ವರ್ಷವಿಡೀ ಕೆಲಸ ಉಂಟು. ಪ್ರೋಗ್ರಾಂ ಮುಗಿಸಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಒಂದು ಸಲ ಅದು ಮೂರು ದಿನವಾದರೂ ನಿಲ್ಲಲಿಲ್ಲ. ಆಗ ಹೆದರಿ ಮೀಟರ್ ತಗೊಂಡೆ.

ಅದಕ್ಕೂ ಮೊದಲು ಫೋನಿನ ಆ್ಯಪ್ ನೋಡುತ್ತಿದ್ದೆ. ತಾಸೆ ಬಡಿದರೂ 98, ಡಿಜೆ ಜೋರು ಮಾಡಿದರೂ 98. ಫೋನಿನ ಮೈಕ್ ಇರುವುದು ಮಾತಾಡಲಿಕ್ಕೆ. ಅಷ್ಟು ಸದ್ದಿಗೆ ಅದು ಅಲ್ಲೇ ಕಟ್ಟಿಬಿಡುತ್ತದೆ.

ನನ್ನದು ನಿಖರತೆಯ ಲೆಕ್ಕದಲ್ಲಿ ಕ್ಲಾಸ್ 2 ಮೀಟರ್. ಸದ್ದನ್ನು ಎ ಮತ್ತು ಸಿ ಎಂಬ ಎರಡೂ ಲೆಕ್ಕದಲ್ಲಿ ಅಳೆಯುತ್ತದೆ, ಇಷ್ಟು ಹೊತ್ತಿನ ಸರಾಸರಿಯನ್ನೂ (Leq) ಕೊಡುತ್ತದೆ. ಸರಾಸರಿ ತೋರಿಸದ ಮೀಟರ್ ತಗೊಳ್ಳಬೇಡಿ. ಕುಣಿಯುವ ಅಂಕಿ ನೋಡಿ ಏನೂ ಗೊತ್ತಾಗುವುದಿಲ್ಲ. ರೇಂಜ್ ಕೈಯಲ್ಲೇ ಬದಲಿಸುವ ಮೀಟರ್ ಆದರೆ ಸ್ಕ್ರೀನಿನ ಮೂಲೆಯ ಮೇಲೆ ಕಣ್ಣಿರಲಿ. ನಾನು 50-100ರಲ್ಲೇ ಬಿಟ್ಟು ಒಂದು ಇಡೀ ಸಂಜೆ ಅಳೆದಿದ್ದೆ. OVER ಅಂತ ಮಿನುಗುತ್ತಿದ್ದದ್ದು ಕಂಡದ್ದು ಕೊನೆಗೆ. ಆ ದಿನದ ಲೆಕ್ಕ ಪೂರ್ತಿ ದಂಡ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮಣಿಪಾಲದ ಹತ್ತಿರ ಒಂದು ಸಭಾಂಗಣದಲ್ಲಿ ಮೆಹಂದಿ, ಮೂರೂವರೆ ಗಂಟೆ ಡಿಜೆ. ಮಿಕ್ಸರ್ ಹತ್ತಿರ ಸರಾಸರಿ 97 ಡಿಬಿಎ, ಅಂದರೆ ಎ ಲೆಕ್ಕದಲ್ಲಿ 97 ಡೆಸಿಬಲ್ ಬಂತು. ಕೆಲಸದವರ ಕಿವಿಗೆ ಅಮೆರಿಕದ ನಯೋಶ್ ಸಂಸ್ಥೆ ಹೇಳುವ ಮಿತಿ 85ಕ್ಕೆ 8 ಗಂಟೆ. ಪ್ರತಿ 3 ಡಿಬಿ ಏರಿದಾಗ ಹೊತ್ತು ಅರ್ಧವಾಗುತ್ತದೆ. ಹಾಗಾದರೆ 97ಕ್ಕೆ ಬರೀ ಅರ್ಧ ಗಂಟೆ. ನಾವಿದ್ದದ್ದು ಅದರ ಏಳು ಪಟ್ಟು.

ನನ್ನ ಕಿವಿಯಲ್ಲಿದ್ದದ್ದು ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್, ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಅನ್ನುವುದಕ್ಕೆ ಪ್ಯಾಕೆಟ್ ಮೇಲೆ SNR 19 ಅಂತ ಇತ್ತು. 97ರಲ್ಲಿ 19 ಕಳೆದರೆ 78, ಆರಾಮ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ತಪ್ಪು. ಆ ಸಂಖ್ಯೆಯನ್ನು ಕಳೆಯಬೇಕಾದ್ದು ಸಿ ರೀಡಿಂಗಿನಿಂದ. ಎ ಲೆಕ್ಕದಲ್ಲಿ ಬೇಸ್ ಹೆಚ್ಚು ಕಡಿಮೆ ಬಿಟ್ಟೇ ಹೋಗುತ್ತದೆ, ಸಿ ಅದನ್ನೂ ಹಿಡಿಯುತ್ತದೆ. ಪ್ಲಗ್ಗುಗಳು ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ. ಅದೇ ಜಾಗದಲ್ಲಿ ಗುಂಡಿ ಒತ್ತಿ ಸಿಗೆ ಹಾಕಿದೆ: 109. 19 ಕಳೆದರೆ ಕಿವಿಗೆ ಬೀಳುವುದು 90 ಡಿಬಿಎ. 90ಕ್ಕೆ ಸಿಗುವುದು ಸುಮಾರು ಎರಡೂವರೆ ಗಂಟೆ. ಪ್ಲಗ್ ಹಾಕಿಯೂ ಒಂದು ಗಂಟೆ ಮಿತಿ ದಾಟಿದ್ದೆ ಅಲ್ವಾ! ಅದೂ ಲ್ಯಾಬಿನಲ್ಲಿ ಸರಿಯಾಗಿ ಹಾಕಿದಾಗ ಬಂದ ಸಂಖ್ಯೆ. ನಮ್ಮ ಕಿವಿಯಲ್ಲಿ ಇನ್ನೂ ಕಡಿಮೆಯೇ. ಈಗ ನಡುವೆ ಒಂದು ಗಂಟೆ ಮಿಕ್ಸರ್ ಇನ್ನೊಬ್ಬನಿಗೆ ಕೊಟ್ಟು ಹೊರಗೆ ಕೂರುತ್ತೇನೆ.

ಹಾಗಾದರೆ ಮಿಕ್ಸರ್‌ನಲ್ಲೂ ಫೋಮ್ ಪ್ಲಗ್ ಹಾಕಬಹುದಲ್ಲ? ಹಾಕಿ ನೋಡಿದ್ದೇನೆ. ಫೋಮ್ ಹೈ ಸದ್ದನ್ನು ಜಾಸ್ತಿ ನುಂಗುತ್ತದೆ. ಹಾಡು ಮಂಕಾಗಿ ಕೇಳಿ ನಾನು ಹೈ ಏರಿಸುತ್ತಾ ಹೋದೆ, ಎದುರಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಮಿಕ್ಸ್ ಮಾಡುವವರಿಗೆ ಫಿಲ್ಟರ್ ಪ್ಲಗ್ಗೇ ಸೈ.

ಆದರೆ ಸ್ಟೇಜ್ ಪಕ್ಕ ಬೇಸ್ ಬಾಕ್ಸಿನ ಹತ್ತಿರ ನಿಲ್ಲುವ ಹುಡುಗನಿಗೆ ಫೋಮೇ ಬೇಕು. ಅಲ್ಲಿ ಸಿ 116 ಇತ್ತು. SNR 36ರ ಫೋಮ್ ಪೂರ್ತಿ ಒಳಗೆ ಕೂತರೆ 80ಕ್ಕೆ ಇಳಿಯುತ್ತದೆ. ಪೂರ್ತಿ ಕೂತರೆ ಮಾತ್ರ. ಅವನು ಬೂಚು ಇಟ್ಟ ಹಾಗೆ ಹೊರಗೇ ಇಟ್ಟುಕೊಂಡಿದ್ದ. ತೆಳ್ಳಗೆ ಹೊಸೆದು, ಇನ್ನೊಂದು ಕೈ ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತುರುಕಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ತುಂಬ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ.

"ಅಣ್ಣ, ನೀವು ಕರೆದ್ರೆ ಕೇಳುದಿಲ್ಲ ಮಾರಾಯ್ರೆ" ಅಂದ ಅವನು. ನಿಜ. ಈಗ ಟಾರ್ಚ್ ಮಿನುಗಿಸಿ ಕರೆಯುತ್ತೇನೆ.

ಬಾಳಿಕೆ ಹೇಳುವುದಾದರೆ, ಫೋಮ್ ಬೆವರಿಗೆ ಒಂದೇ ದಿನ. ಫಿಲ್ಟರ್ ಪ್ಲಗ್ ಎರಡನೇ ವರ್ಷ ಒಂದು ಬದಿ ಮಂಕಾಯಿತು. ನೋಡಿದರೆ ಫಿಲ್ಟರಿನ ತೂತಿಗೆ ಕಿವಿಯ ಗುಗ್ಗೆ ಕಟ್ಟಿತ್ತು. ಫಿಲ್ಟರ್ ತೆಗೆದಿಟ್ಟು ಸಿಲಿಕೋನ್ ಮಾತ್ರ ತೊಳೆಯಿರಿ.

ಮೀಟರಿನ ಜೊತೆ ಕ್ಯಾಲಿಬ್ರೇಟರ್ ಬೇಕೇ ಬೇಕು, ಬೆಲೆ ಹೆಚ್ಚು ಕಡಿಮೆ ಮೀಟರಿನಷ್ಟೇ ಆದರೂ. ಮೈಕಿನ ಮೂತಿಗೆ ಅದನ್ನು ಸಿಕ್ಕಿಸಿದರೆ 94 ಡಿಬಿಯ ಒಂದೇ ಸ್ವರ ಹೊಮ್ಮುತ್ತದೆ, ಮೀಟರ್ 94.0 ತೋರಿಸಬೇಕು. ಕಳೆದ ಮಳೆಗಾಲ ಮುಗಿದು ಬ್ಯಾಗಿನಿಂದ ತೆಗೆದಾಗ ನನ್ನದು 91.7 ತೋರಿಸಿತು. ಎರಡು ದಿನ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟ ಮೇಲೆ 93.6ಕ್ಕೆ ಬಂತು. ಉಳಿದದ್ದನ್ನು ಬದಿಯ ಸಣ್ಣ ಸ್ಕ್ರೂ ತಿರುಗಿಸಿ ಸರಿ ಮಾಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈಗ ಅದು ಡಬ್ಬಿಯಲ್ಲೇ ಇರುತ್ತದೆ.